ಪರಿಚಯ ಒಮ್ಮೆ, ಭೇಟಿ ದಿನವೂ

ತಂತಿಯಿಲ್ಲದ ಹೆಡ್‌ಫೋನು ಈಗ ಓದುವ ಮಕ್ಕಳಿರುವ ಮನೆಗಳಲ್ಲಿ ಕಂಪಾಸ್ ಪೆಟ್ಟಿಗೆಯಷ್ಟೇ ಸಾಮಾನ್ಯ ವಸ್ತು. ಪಾಠದ ವಿಡಿಯೋ ಕೇಳುವುದಕ್ಕೆ, ಇಂಗ್ಲಿಷ್ ಉಚ್ಚಾರಣೆ ಅಭ್ಯಾಸ ಮಾಡುವುದಕ್ಕೆ, ಪಕ್ಕದ ಕೋಣೆಯಲ್ಲಿ ಮಲಗಿರುವ ಅಜ್ಜನ ನಿದ್ದೆ ಕೆಡಿಸದೆ ಓದುವುದಕ್ಕೆ ಅದು ಬೇಕು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಆನ್‌ಲೈನ್ ತರಗತಿ, ಎಂಟೂ ಐವತ್ತೈದಕ್ಕೆ ಹೆಡ್‌ಫೋನು ಫೋನಿಗೆ ಸೇರಲೊಲ್ಲದು ಎಂಬ ಗಲಾಟೆಯೂ ಅಷ್ಟೇ ಸಾಮಾನ್ಯ. ಅಪ್ಪ ಗುಂಡಿಯನ್ನು ಒತ್ತುತ್ತಾರೆ, ಅಮ್ಮ ಫೋನನ್ನು ಆರಿಸಿ ಹಚ್ಚುತ್ತಾರೆ, ಮಗಳು ಹೆಸರನ್ನು ಹತ್ತು ಸಲ ಮುಟ್ಟುತ್ತಾಳೆ. ಕೊನೆಗೆ "ಇದು ಕೆಟ್ಟ ಮಾಲು, ಅಂಗಡಿಗೆ ವಾಪಸು ಕೊಟ್ಟುಬಿಡೋಣ" ಎಂಬ ತೀರ್ಮಾನ ಹೊರಬೀಳುತ್ತದೆ.

ಹೀಗೆ ವಾಪಸು ಹೋಗುವ ಹೆಡ್‌ಫೋನುಗಳಲ್ಲಿ ಏನೂ ಕೆಡದಿರುವುವೂ ಇರುತ್ತವೆ. ಕೆಟ್ಟಿರುವುದು ಯಂತ್ರವಲ್ಲ, ಎರಡು ಯಂತ್ರಗಳ ನಡುವಿನ ಪರಿಚಯ. ಆ ಪರಿಚಯ ಹೇಗೆ ಆಗುತ್ತದೆ, ಎಲ್ಲಿ ದಾಖಲಾಗುತ್ತದೆ, ಹೇಗೆ ಮುರಿಯುತ್ತದೆ ಎಂಬಿಷ್ಟು ತಿಳಿದಿದ್ದರೆ ಐದು ನಿಮಿಷದ ಗಲಾಟೆ ಅರ್ಧ ನಿಮಿಷದ ಕೆಲಸವಾಗುತ್ತದೆ. ಈ ವಾರ ಅದನ್ನೇ ನೋಡೋಣ.

ಪರಿಚಯ ಬೇರೆ, ಭೇಟಿ ಬೇರೆ

ಫೋನಿನ ಪರದೆಯಲ್ಲಿ ಎರಡು ಮಾತುಗಳು ಕಾಣುತ್ತವೆ: ಒಂದು ಪೇರ್, ಇನ್ನೊಂದು ಕನೆಕ್ಟ್. ಎರಡೂ ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ ಶುರುವಾಗುತ್ತದೆ. ಪೇರಿಂಗ್ ಎಂದರೆ ಪರಿಚಯ. ಅದು ಒಂದು ಫೋನಿಗೂ ಒಂದು ಹೆಡ್‌ಫೋನಿಗೂ ನಡುವೆ ಒಮ್ಮೆ ಆದರೆ ಸಾಕು. ಕನೆಕ್ಟ್ ಎಂದರೆ ಭೇಟಿ. ಅದು ಹೆಡ್‌ಫೋನು ಆನ್ ಮಾಡಿದಾಗಲೆಲ್ಲ ಆಗಬೇಕು. ಪರಿಚಯವಿದ್ದವರು ಬೀದಿಯಲ್ಲಿ ಸಿಕ್ಕರೆ ಯಾರೂ ಮಧ್ಯೆ ನಿಂತು ಹೆಸರು ಹೇಳಬೇಕಾಗಿಲ್ಲ, ತಾವಾಗಿಯೇ ಮಾತಿಗೆ ತೊಡಗುತ್ತಾರೆ. ಪರಿಚಯವೇ ಇಲ್ಲದವರು ಪಕ್ಕಪಕ್ಕದಲ್ಲಿ ನಿಂತಿದ್ದರೂ ಮಾತಿಲ್ಲ. ಹೆಡ್‌ಫೋನಿನ ವ್ಯವಹಾರವೂ ಇಷ್ಟೇ.

ಇವೆರಡನ್ನೂ ನಡೆಸುವ ರೇಡಿಯೋ ವ್ಯವಸ್ಥೆಯ ಹೆಸರು ಬ್ಲೂಟೂತ್. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಇದರ ಕೆಲಸ ಆರಂಭವಾಯಿತು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಬ್ಲೂಟೂತ್ ಎಂಬ ರಾಜನ ಹೆಸರನ್ನು ಇದಕ್ಕೆ ಇಟ್ಟರು. ಚದುರಿದ್ದ ಜನರನ್ನು ಒಂದುಗೂಡಿಸಿದವನೆಂದು ಅವನಿಗೆ ಖ್ಯಾತಿ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದುಗೂಡಿಸುವ ತಂತ್ರಕ್ಕೆ ಆ ಹೆಸರು ಹೊಂದಿಕೊಂಡಿತು. ಫೋನಿನಲ್ಲಿ ಕಾಣುವ ಮೂಲೆಮೂಲೆಯ ಆ ನೀಲಿ ಗುರುತು ಅವನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬರೆದು ಒಂದರ ಮೇಲೊಂದು ಕೂರಿಸಿದ್ದು.

ಈಗ ಪರಿಚಯದ ಹೊತ್ತಿನಲ್ಲಿ ಏನು ನಡೆಯುತ್ತದೆ ನೋಡಿ. ಪ್ರತಿಯೊಂದು ಬ್ಲೂಟೂತ್ ಯಂತ್ರಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ವಿಳಾಸ ಇರುತ್ತದೆ. ಫೋನು ಮತ್ತು ಹೆಡ್‌ಫೋನು ಮೊದಲು ಈ ವಿಳಾಸಗಳನ್ನು ಹೇಳಿಕೊಳ್ಳುತ್ತವೆ. ಅನಂತರ ಒಂದಿಷ್ಟು ಅಂಕಿಗಳನ್ನು ಕೊಟ್ಟು ತೆಗೆದುಕೊಂಡು, ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಮಾಡಿ ಒಂದೇ ಉತ್ತರಕ್ಕೆ ಬರುತ್ತವೆ. ಆ ಉತ್ತರವೇ ಅವರಿಬ್ಬರ ಗುಪ್ತ ಕೀಲಿ. ಸ್ವಾರಸ್ಯವೆಂದರೆ ಈ ಕೀಲಿ ಗಾಳಿಯಲ್ಲಿ ಹಾರಿಹೋಗುವುದೇ ಇಲ್ಲ. ಲೆಕ್ಕಕ್ಕೆ ಬೇಕಾದ ಸಾಮಗ್ರಿ ಮಾತ್ರ ಹೋಗಿಬರುತ್ತದೆ. ಪಕ್ಕದಲ್ಲಿ ಕದ್ದು ಕೇಳುವವನಿಗೆ ಅದರಿಂದ ಕೀಲಿ ಸಿಗುವುದಿಲ್ಲ. 2007ರ ಸುಮಾರಿಗೆ ಈ ಹೊಸ ಕ್ರಮ ಬರುವ ಮೊದಲು "0000" ಎಂದು ಸಂಖ್ಯೆ ಒತ್ತಿ ಪರಿಚಯ ಮಾಡಿಸಬೇಕಾಗಿತ್ತು. ತೀರ ಹಳೆಯ ಹೆಡ್‌ಫೋನುಗಳು ಈಗಲೂ ಆ ಸಂಖ್ಯೆಯನ್ನು ಕೇಳಬಹುದು.

ಲೆಕ್ಕ ಮುಗಿದ ಮೇಲೆ ಫೋನು ತನ್ನ ಪುಸ್ತಕದಲ್ಲಿ ಹೆಡ್‌ಫೋನಿನ ವಿಳಾಸವನ್ನೂ ಕೀಲಿಯನ್ನೂ ಬರೆದಿಟ್ಟುಕೊಳ್ಳುತ್ತದೆ. ಹೆಡ್‌ಫೋನು ತನ್ನ ಪುಟ್ಟ ಪುಸ್ತಕದಲ್ಲಿ ಫೋನಿನ ವಿಳಾಸವನ್ನೂ ಅದೇ ಕೀಲಿಯನ್ನೂ ಬರೆದಿಟ್ಟುಕೊಳ್ಳುತ್ತದೆ. ಹಿಂದೆ ಕಿರಾಣಿ ಅಂಗಡಿಯಲ್ಲಿ ಸಾಲದ ಲೆಕ್ಕ ಇಡುತ್ತಿದ್ದುದನ್ನು ಹಿರಿಯರು ಬಲ್ಲರು. ಅಂಗಡಿಯವನ ಬಳಿ ಒಂದು ಪುಸ್ತಕ, ಮನೆಯವರ ಬಳಿ ಒಂದು ಪುಸ್ತಕ, ಎರಡರಲ್ಲೂ ಒಂದೇ ಲೆಕ್ಕ. ಎರಡು ತಾಳೆಯಾದರೆ ವ್ಯವಹಾರ ಸಲೀಸು. ಒಂದರಲ್ಲಿ ಹಾಳೆ ಹರಿದುಹೋದರೆ ಇನ್ನೊಂದು ಎಷ್ಟೇ ಚೆನ್ನಾಗಿದ್ದರೂ ಜಗಳ ತಪ್ಪಿದ್ದಲ್ಲ. ಈ ಎರಡು ಪುಸ್ತಕಗಳ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕೈ ಎತ್ತಿದರೆ ಮಾತ್ರ ಕಾಣುತ್ತದೆ

ಹೆಡ್‌ಫೋನು ಆನ್ ಆಗಿದ್ದ ಮಾತ್ರಕ್ಕೆ ಹೊಸ ಫೋನಿಗೆ ಕಾಣುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಇಲ್ಲದಿದ್ದರೆ ಬಸ್ಸಿನಲ್ಲಿ ಕುಳಿತ ಯಾರು ಬೇಕಾದರೂ ನಿಮ್ಮ ಹೆಡ್‌ಫೋನಿಗೆ ತಮ್ಮ ಹಾಡನ್ನು ಕೇಳಿಸಬಹುದಾಗಿತ್ತು. ಸಾಮಾನ್ಯ ಸ್ಥಿತಿಯಲ್ಲಿ ಹೆಡ್‌ಫೋನು ತನ್ನ ಪುಸ್ತಕದಲ್ಲಿರುವ ಹಳೆಯ ಪರಿಚಯಸ್ಥರ ಕರೆಗೆ ಮಾತ್ರ ಓಗೊಡುತ್ತದೆ. "ಇಲ್ಲಿ ಯಾರಿದ್ದೀರಿ?" ಎಂದು ಅಪರಿಚಿತ ಫೋನು ಕೇಳಿದರೆ ಸುಮ್ಮನಿರುತ್ತದೆ. ತರಗತಿಯಲ್ಲಿ ಹುಡುಗ ಕೈ ಎತ್ತಿದ ಹಾಗೆ, "ನಾನಿದ್ದೇನೆ, ಹೊಸಬರು ಬರಬಹುದು" ಎಂದು ಹೆಡ್‌ಫೋನು ಹೇಳುವ ವಿಶೇಷ ಸ್ಥಿತಿಯೊಂದಿದೆ. ಅದಕ್ಕೆ ಪೇರಿಂಗ್ ಮೋಡ್ ಎಂದು ಹೆಸರು.

ಹೊಚ್ಚಹೊಸ ಹೆಡ್‌ಫೋನಿನ ಪುಸ್ತಕ ಖಾಲಿ. ಕರೆಯಬೇಕಾದ ಹಳೆಯ ಪರಿಚಯಸ್ಥರು ಯಾರೂ ಇಲ್ಲ. ಹೀಗಾಗಿ ಹೆಚ್ಚಿನ ಹೆಡ್‌ಫೋನುಗಳು ಮೊದಲ ಸಲ ಆನ್ ಮಾಡಿದಾಗ ತಾವಾಗಿಯೇ ಪೇರಿಂಗ್ ಮೋಡಿಗೆ ಹೋಗುತ್ತವೆ. ಅಪ್ಪನ ಫೋನಿಗೆ ಅದು ಥಟ್ಟನೆ ಸೇರಿಕೊಳ್ಳುತ್ತದೆ, ಮನೆಯವರೆಲ್ಲ "ಎಷ್ಟು ಸುಲಭ!" ಎನ್ನುತ್ತಾರೆ. ಮಾರನೆಯ ದಿನ ಮಗನ ಫೋನಿಗೆ ಸೇರಿಸಲು ಅದೇ ರೀತಿ ಆನ್ ಮಾಡಿದರೆ ಫೋನಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ಈಗ ಪುಸ್ತಕ ಖಾಲಿಯಿಲ್ಲವಲ್ಲ! ಹೆಡ್‌ಫೋನು ಅಪ್ಪನ ಫೋನನ್ನು ಕರೆಯುತ್ತ ಕುಳಿತಿದೆ. ಮೊದಲ ದಿನದ ಸುಲಭವೇ ಎರಡನೆಯ ದಿನದ ತೊಡಕಿಗೆ ಮೂಲ.

ಎರಡನೆಯ ಫೋನಿಗೆ ಪರಿಚಯ ಮಾಡಿಸಬೇಕಾದರೆ ಪೇರಿಂಗ್ ಮೋಡಿಗೆ ನಾವೇ ಕಳಿಸಬೇಕು. ತಲೆಯ ಮೇಲೆ ಕೂರುವ ದೊಡ್ಡ ಹೆಡ್‌ಫೋನುಗಳಲ್ಲಿ ಹೆಚ್ಚಾಗಿ ಹೀಗಿರುತ್ತದೆ: ಮೊದಲು ಪೂರ್ತಿ ಆಫ್ ಮಾಡಬೇಕು. ಅನಂತರ ಪವರ್ ಗುಂಡಿಯನ್ನು ಒತ್ತಿ ಹಿಡಿಯಬೇಕು. ಎರಡು ಮೂರು ಸೆಕೆಂಡಿಗೆ ಆನ್ ಆದ ಸದ್ದು ಬರುತ್ತದೆ. ಬಹುತೇಕರು ತಪ್ಪುವುದು ಇಲ್ಲೇ. ಸದ್ದು ಬಂತೆಂದು ಬೆರಳು ತೆಗೆದುಬಿಡುತ್ತಾರೆ. ತೆಗೆಯಬಾರದು. ಒಟ್ಟು ಐದರಿಂದ ಏಳು ಸೆಕೆಂಡು ಹಾಗೇ ಹಿಡಿದಿರಬೇಕು. ಆಗ ದೀಪದ ಮಿಣುಕು ಬದಲಾಗುತ್ತದೆ. ಕೆಲವದರಲ್ಲಿ ಪವರ್ ಗುಂಡಿಯ ಬದಲು ಬ್ಲೂಟೂತ್ ಗುರುತಿನ ಬೇರೆ ಗುಂಡಿಯೇ ಇರುತ್ತದೆ. ಕಿವಿಯೊಳಗೆ ಕೂರುವ ಪುಟ್ಟ ಜೋಡಿಗಳಾದರೆ ಅವನ್ನು ಡಬ್ಬಿಯಲ್ಲೇ ಇಟ್ಟು, ಮುಚ್ಚಳ ತೆರೆದು, ಡಬ್ಬಿಯ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯುವುದು ರೂಢಿ. ನಿಮ್ಮದರ ಸರಿಯಾದ ಕ್ರಮ ಪೆಟ್ಟಿಗೆಯಲ್ಲಿ ಬಂದ ಚಿಕ್ಕ ಹಾಳೆಯಲ್ಲಿರುತ್ತದೆ. ಆ ಹಾಳೆಯನ್ನು ಎಸೆಯಬೇಡಿ.

ಕೈ ಎತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ದೀಪದಿಂದ. ನೀಲಿ ದೀಪ ನಿಧಾನವಾಗಿ, ಕೆಲವು ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದರೆ ಅದು ಬರೀ ಆನ್ ಆಗಿದೆ ಎಂದೇ ಹೆಚ್ಚಾಗಿ ಅರ್ಥ. ಕೆಂಪು ಮತ್ತು ನೀಲಿ ಒಂದಾದ ಮೇಲೊಂದು ಬೇಗ ಬೇಗ ಮಿಣುಕಿದರೆ, ಅಥವಾ ನೀಲಿಯೊಂದೇ ಅವಸರದಿಂದ ಮಿಣುಕಿದರೆ ಪೇರಿಂಗ್ ಮೋಡ್. ಕೆಲವು ಹೆಡ್‌ಫೋನುಗಳು ಬಾಯಿಬಿಟ್ಟು ಹೇಳುತ್ತವೆ ಕೂಡ. ಇದು ಕೆಲವೇ ನಿಮಿಷ ಇರುತ್ತದೆ. ಅಷ್ಟರಲ್ಲಿ ಯಾರೂ ಬರದಿದ್ದರೆ ಹೆಡ್‌ಫೋನು ಕೈ ಇಳಿಸಿಬಿಡುತ್ತದೆ. ಆದ್ದರಿಂದ ಫೋನಿನಲ್ಲಿ ತೆರೆಯಬೇಕಾದ ಪುಟವನ್ನು ಮೊದಲು ತೆರೆದಿಟ್ಟುಕೊಂಡು ಆಮೇಲೆ ಗುಂಡಿ ಒತ್ತುವುದು ಒಳ್ಳೆಯದು.

ಅಕ್ಕನ ಹೆಡ್‌ಫೋನು, ತಮ್ಮನ ಫೋನು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾಲೇಜಿಗೆ ಹೋಗುವ ಅಕ್ಕನ ಬಳಿ ಒಂದು ಹೆಡ್‌ಫೋನು ಇದೆ. ಅದು ಅವಳ ಲ್ಯಾಪ್‌ಟಾಪಿಗೆ ಪರಿಚಯವಾಗಿದೆ. ಹತ್ತನೆಯ ತರಗತಿಯ ತಮ್ಮನಿಗೆ ಸಂಜೆ ಗಣಿತದ ಪಾಠ ಕೇಳಬೇಕು. ಹೆಡ್‌ಫೋನನ್ನು ತಂದು ಆನ್ ಮಾಡಿ ತನ್ನ ಆಂಡ್ರಾಯ್ಡ್ ಫೋನಿನಲ್ಲಿ ಹುಡುಕುತ್ತಾನೆ. ಹೆಸರು ಬರುವುದೇ ಇಲ್ಲ.

"ಅಕ್ಕಾ, ನಿನ್ನ ಹೆಡ್‌ಫೋನು ಕೆಟ್ಟುಹೋಗಿದೆ ನೋಡು."

"ಇಲ್ಲ ಕಣೋ, ಈಗ ತಾನೆ ಅದರಲ್ಲೇ ಹಾಡು ಕೇಳ್ತಿದ್ದೆನಲ್ಲ!"

ಇಬ್ಬರು ಹೇಳುವುದೂ ನಿಜವೇ. ಹೆಡ್‌ಫೋನು ಆನ್ ಆದೊಡನೆ ತನ್ನ ಪುಸ್ತಕದಲ್ಲಿ ಕೊನೆಯದಾಗಿ ಯಾರ ಜೊತೆ ಇದ್ದೆನೆಂದು ನೋಡಿ ಅವರನ್ನೇ ಕರೆಯಿತು. ಪಕ್ಕದ ಕೋಣೆಯಲ್ಲಿ ತೆರೆದಿಟ್ಟ ಅಕ್ಕನ ಲ್ಯಾಪ್‌ಟಾಪು ಓಗೊಟ್ಟಿತು. ನಡುವೆ ಒಂದು ಗೋಡೆಯಿದ್ದರೂ ಬ್ಲೂಟೂತಿಗೆ ಅದು ದೊಡ್ಡ ಅಡ್ಡಿಯಲ್ಲ. ಭೇಟಿ ನಡೆದುಹೋಯಿತು. ಈಗ ತಮ್ಮನ ಫೋನು ಎಷ್ಟು ಕೂಗಿದರೂ ಹೆಡ್‌ಫೋನು ತಿರುಗಿ ನೋಡುವುದಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಹೆಡ್‌ಫೋನಿನ ದೀಪ ಅವಸರದಿಂದ ಮಿಣುಕದೆ ಶಾಂತವಾಗಿದ್ದರೆ, ಅಥವಾ ಆನ್ ಮಾಡಿದೊಡನೆ "ಕನೆಕ್ಟೆಡ್" ಎಂದು ಕಿವಿಯಲ್ಲಿ ಕೇಳಿಸಿದರೆ ಅದು ಬೇರೆ ಯಾವುದರ ಜೊತೆಗೋ ಇದೆ ಎಂದು ತಿಳಿಯಬೇಕು.

ತಮ್ಮ ಮಾಡಬೇಕಾದದ್ದು ಇಷ್ಟು. ಮೊದಲು ಅಕ್ಕನಿಗೆ ಹೇಳಿ ಅವಳ ಲ್ಯಾಪ್‌ಟಾಪಿನ ಬ್ಲೂಟೂತ್ ಆಫ್ ಮಾಡಿಸಬೇಕು. ಎರಡನೆಯದಾಗಿ, ಹೆಡ್‌ಫೋನನ್ನು ಆಫ್ ಮಾಡಿ ಫೋನಿನ ಪಕ್ಕದಲ್ಲಿ, ಒಂದು ಮೀಟರಿನೊಳಗೆ ಇಟ್ಟುಕೊಳ್ಳಬೇಕು. ಮೂರನೆಯದಾಗಿ, ಫೋನಿನ Settings ತೆರೆದು Connected devices ಎಂಬಲ್ಲಿಗೆ ಹೋಗಿ Pair new device ಎಂಬುದನ್ನು ಮುಟ್ಟಬೇಕು. ಕೆಲವು ಕಂಪನಿಗಳ ಫೋನುಗಳಲ್ಲಿ ಈ ಹೆಸರುಗಳು ತುಸು ಬೇರೆಯಿರುತ್ತವೆ. ಬ್ಲೂಟೂತಿನ ಪುಟ ಹುಡುಕಿದರೆ ಸಾಕು. ಐಫೋನ್ ಆದರೆ Settings ಒಳಗಿನ Bluetooth ಪುಟವನ್ನು ತೆರೆದಿಟ್ಟರೆ ಆಯಿತು, ಅದು ತಾನಾಗಿಯೇ ಹುಡುಕುತ್ತದೆ. ಹೊಸಬರ ಹೆಸರು ಅಲ್ಲಿ Other Devices ಎಂಬುದರ ಕೆಳಗೆ ಬರುತ್ತದೆ.

ನಾಲ್ಕನೆಯದಾಗಿ, ಹೆಡ್‌ಫೋನಿನ ಗುಂಡಿಯನ್ನು ಒತ್ತಿ, ಆನ್ ಆದ ಸದ್ದು ಬಂದ ಮೇಲೂ ಬಿಡದೆ, ಕೆಂಪು ನೀಲಿ ಮಿಣುಕುವ ತನಕ ಹಿಡಿಯಬೇಕು. ಫೋನಿನಲ್ಲಿ ಹೆಸರು ಬರಲು ಹತ್ತು ಹನ್ನೆರಡು ಸೆಕೆಂಡು ಹಿಡಿಯಬಹುದು. ಫೋನು ಹಲವಾರು ಕಂಪನಾಂಕಗಳಲ್ಲಿ ಸುತ್ತಿ ಸುತ್ತಿ ಕೂಗಬೇಕು, ಹೆಡ್‌ಫೋನು ಅದೇ ಕಂಪನಾಂಕದಲ್ಲಿ ಕಿವಿಗೊಟ್ಟ ಕ್ಷಣ ಸಿಗಬೇಕು. ಆದ್ದರಿಂದ ತಾಳ್ಮೆ ಇರಲಿ. ಎರಡು ಸೆಕೆಂಡಿಗೊಮ್ಮೆ ಬ್ಲೂಟೂತ್ ಆಫ್ ಆನ್ ಮಾಡುತ್ತ ಕುಳಿತರೆ ಹುಡುಕಾಟ ಪ್ರತಿಸಲವೂ ಮೊದಲಿನಿಂದ ಶುರುವಾಗುತ್ತದೆ.

ಹೆಸರು ಬಂದೊಡನೆ ಅದನ್ನು ಮುಟ್ಟಬೇಕು. ಒಪ್ಪಿಗೆ ಕೇಳುವ ಸಣ್ಣ ಚೌಕ ಬಂದರೆ Pair ಎನ್ನಬೇಕು. ಆಂಡ್ರಾಯ್ಡಿನಲ್ಲಿ ಆ ಚೌಕದಲ್ಲಿ Allow access to your contacts and call history ಎಂಬ ಸಾಲೊಂದು ಕಾಣಬಹುದು. ಇದು ಫೋನಿನಲ್ಲಿರುವ ಹೆಸರು ಮತ್ತು ಕರೆಗಳ ಪಟ್ಟಿಯನ್ನು ಆ ಯಂತ್ರಕ್ಕೆ ಕೊಡುವ ಅನುಮತಿ. ಕಾರಿನ ಪರದೆಗೆ ಇದರಿಂದ ಉಪಯೋಗವುಂಟು. ಪಾಠ ಕೇಳುವ ಹೆಡ್‌ಫೋನಿಗೆ ಇದರ ಅಗತ್ಯವಿಲ್ಲ. ಗುರುತು ಹಾಕದೆ ಬಿಟ್ಟರೂ ಪಾಠ ಕೇಳುತ್ತದೆ, ಕರೆಯೂ ಕೇಳುತ್ತದೆ. ಇಷ್ಟಾದರೆ ತಮ್ಮನ ಫೋನಿನಲ್ಲೂ ಅಕ್ಕನ ಹೆಡ್‌ಫೋನಿನಲ್ಲೂ ಪರಿಚಯ ದಾಖಲಾಯಿತು. ಲ್ಯಾಪ್‌ಟಾಪಿನ ಪರಿಚಯವೂ ಅಳಿಸಿಲ್ಲ. ಹೆಡ್‌ಫೋನಿನ ಪುಸ್ತಕದಲ್ಲಿ ಈಗ ಎರಡು ಹೆಸರುಗಳಿವೆ.

ಪುಸ್ತಕದ ಹಾಳೆಗಳು

ಹೆಡ್‌ಫೋನಿನ ಪುಸ್ತಕ ಚಿಕ್ಕದು. ಎಂಟು ಯಂತ್ರಗಳನ್ನು ನೆನಪಿಡುವ ಹೆಡ್‌ಫೋನುಗಳಿವೆ, ಅದಕ್ಕಿಂತ ಕಡಿಮೆ ಜಾಗ ಇರುವುವೂ ಇವೆ. ಹಾಳೆ ತುಂಬಿದ ಮೇಲೆ ಹೊಸ ಪರಿಚಯ ಬಂದರೆ ಹಳೆಯದೊಂದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಸ್ನೇಹಿತರ ಫೋನುಗಳಿಗೆಲ್ಲ ಸೇರಿಸಿ ನೋಡುವ ಉತ್ಸಾಹಿ ಹುಡುಗರ ಹೆಡ್‌ಫೋನು ಒಂದು ದಿನ ತಮ್ಮದೇ ಫೋನನ್ನು ಗುರುತಿಸದಿರಲು ಇದೂ ಒಂದು ಕಾರಣವಾಗಬಹುದು. ಫೋನಿನ ಪುಸ್ತಕ ಇದಕ್ಕಿಂತ ದೊಡ್ಡದು. ಪರಿಚಯವಾದ ಯಂತ್ರಗಳ ಹೆಸರು ಅದರಲ್ಲಿ Saved devices, Paired devices ಎಂಬಂಥ ತಲೆಬರಹದ ಕೆಳಗೆ ಉಳಿಯುತ್ತದೆ. ಐಫೋನಿನಲ್ಲಿ ಅದರ ಹೆಸರು My Devices.

ಪಟ್ಟಿಯಲ್ಲಿ ಹೆಸರಿದೆ ಎಂದರೆ ಹೆಡ್‌ಫೋನು ಹತ್ತಿರದಲ್ಲಿದೆ ಎಂದಲ್ಲ, ಕೆಲಸ ಮಾಡುತ್ತಿದೆ ಎಂದೂ ಅಲ್ಲ. ಅದು ಬರೀ ನೆನಪು. ಕಳೆದ ವರ್ಷ ಕಳೆದುಹೋದ ಹೆಡ್‌ಫೋನಿನ ಹೆಸರೂ ಅಲ್ಲಿ ಇರಬಹುದು. ಹೆಸರಿನ ಪಕ್ಕದಲ್ಲಿ Connected ಎಂದಿದ್ದರೆ ಮಾತ್ರ ಈಗ ಭೇಟಿ ನಡೆದಿದೆ.

ಕೆಲವು ಹೆಡ್‌ಫೋನುಗಳು ಒಂದೇ ಹೊತ್ತಿನಲ್ಲಿ ಎರಡು ಯಂತ್ರಗಳ ಜೊತೆ ಇರಬಲ್ಲವು. ಪೆಟ್ಟಿಗೆಯ ಮೇಲೆ ಮಲ್ಟಿಪಾಯಿಂಟ್ ಎಂದು ಬರೆದಿರುತ್ತದೆ. ಉಳಿದವುಗಳಿಗೆ ಒಂದು ಹೊತ್ತಿಗೆ ಒಬ್ಬರೇ. ಎಂಟು ಮಂದಿಯ ಪರಿಚಯ ಇರುವುದಕ್ಕೂ ಎಂಟು ಮಂದಿಯೊಡನೆ ಒಟ್ಟಿಗೆ ಮಾತಾಡುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಒಂದು ಹೆಡ್‌ಫೋನನ್ನು ಮನೆಮಂದಿ ಹಂಚಿಕೊಳ್ಳುವಲ್ಲಿ ಒಂದು ಪದ್ಧತಿ ಇಟ್ಟುಕೊಂಡರೆ ಚೆನ್ನ. ಯಾರ ಕೆಲಸ ಮುಗಿಯಿತೋ ಅವರು ತಮ್ಮ ಫೋನಿನ ಪಟ್ಟಿಯಲ್ಲಿ Disconnect ಮಾಡಿ ಅಥವಾ ಬ್ಲೂಟೂತ್ ಆಫ್ ಮಾಡಿ ಕೊಡಬೇಕು. ಮುಂದಿನವರು ತಮ್ಮ ಪಟ್ಟಿಯಲ್ಲಿ ಅದರ ಹೆಸರನ್ನು ಮುಟ್ಟಿದರೆ ಸಾಕು, ಮತ್ತೆ ಪೇರಿಂಗ್ ಬೇಡ. ಇಲ್ಲದಿದ್ದರೆ ಅಮ್ಮನಿಗೆ ಬಂದ ಕರೆಯ ಮಾತು ಮಗನ ಕಿವಿಯಲ್ಲಿ ಕೇಳಿಸಿ, ಅಮ್ಮ "ಹಲೋ ಹಲೋ" ಎನ್ನುತ್ತ ನಿಲ್ಲಬೇಕಾಗುತ್ತದೆ.

ಒಂದೇ ಕಡೆ ಉಳಿದ ನೆನಪು

ಮತ್ತೆ ನಮ್ಮ ಅಕ್ಕ ತಮ್ಮನ ಕಥೆಗೆ ಬರೋಣ. ತಮ್ಮ ಇನ್ನೊಂದು ದಾರಿ ಹಿಡಿದ ಎಂದುಕೊಳ್ಳಿ. ಅಕ್ಕನನ್ನು ಕೇಳುವ ಗೋಜಿಗೆ ಹೋಗದೆ, ಸ್ನೇಹಿತ ಹೇಳಿಕೊಟ್ಟಂತೆ ಹೆಡ್‌ಫೋನಿಗೆ ಫ್ಯಾಕ್ಟರಿ ರೀಸೆಟ್ ಮಾಡಿದ. ಅಂದರೆ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ತಂದ. ಹೆಡ್‌ಫೋನಿನ ಪುಸ್ತಕ ಪೂರ್ತಿ ಖಾಲಿಯಾಯಿತು. ಅವನ ಫೋನಿಗೆ ಅದು ಚಕ್ಕನೆ ಸೇರಿತು. ಪಾಠ ಮುಗಿಸಿ ಹೆಡ್‌ಫೋನನ್ನು ಅಕ್ಕನ ಮೇಜಿನ ಮೇಲಿಟ್ಟ.

ಮರುದಿನ ಅಕ್ಕನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಹೆಡ್‌ಫೋನಿನ ಹೆಸರು ಮೊದಲಿನಂತೆಯೇ ಇದೆ, Paired ಎಂದೂ ಬರೆದಿದೆ. ಆದರೆ Connect ಒತ್ತಿದರೆ ಒಂದು ಕ್ಷಣ ತಿರುಗಿ ಸುಮ್ಮನಾಗುತ್ತದೆ. ಹತ್ತು ಸಲ ಒತ್ತಿದರೂ ಅಷ್ಟೆ. ಕಾರಣ ಈಗ ನಿಮಗೆ ಹೊಳೆದಿರಬೇಕು. ಲ್ಯಾಪ್‌ಟಾಪು ಹಳೆಯ ಕೀಲಿ ಹಿಡಿದು "ನಾನು ನಿನ್ನ ಹಳೆಯ ಸ್ನೇಹಿತ" ಎನ್ನುತ್ತಿದೆ. ಹೆಡ್‌ಫೋನಿನ ಪುಸ್ತಕದಲ್ಲಿ ಆ ಹಾಳೆಯೇ ಇಲ್ಲ, "ನೀನು ಯಾರು?" ಎನ್ನುತ್ತಿದೆ. ಅಂಗಡಿಯವನ ಪುಸ್ತಕ ಹರಿದಿದೆ, ಮನೆಯವರ ಪುಸ್ತಕ ಮಾತ್ರ ಉಳಿದಿದೆ.

ಪೇರಿಂಗ್ ತೊಂದರೆಗಳಲ್ಲಿ ಅತ್ಯಂತ ತಲೆತಿನ್ನುವುದು ಇದೇ. ಪರದೆಯ ಮೇಲೆ ಹೆಸರು ಕಣ್ಣಿಗೆ ಕಾಣುತ್ತಿರುತ್ತದೆ, ಆದ್ದರಿಂದ ಪರಿಚಯದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮದ್ದು ಮಾತ್ರ ಸರಳ: ಉಳಿದಿರುವ ಅರ್ಧ ನೆನಪನ್ನೂ ಅಳಿಸಿ ಹೊಸದಾಗಿ ಪರಿಚಯ ಮಾಡಿಸುವುದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿನ ಹೆಸರಿನ ಬಳಿ ಇರುವ Remove device ಒತ್ತಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಹೆಸರಿನ ಪಕ್ಕದ ಚಕ್ರದ ಗುರುತನ್ನು ಮುಟ್ಟಿ Forget ಅಥವಾ Unpair ಎನ್ನಬೇಕು. ಐಫೋನಿನಲ್ಲಿ ಹೆಸರಿನ ಬಲಗಡೆಯ ದುಂಡು ಗುರುತನ್ನು ಮುಟ್ಟಿದರೆ Forget This Device ಸಿಗುತ್ತದೆ. ಹೆಸರು ಪಟ್ಟಿಯಿಂದ ಮಾಯವಾದ ಮೇಲೆ ಹೆಡ್‌ಫೋನನ್ನು ಪೇರಿಂಗ್ ಮೋಡಿಗೆ ಕಳಿಸಿ ಮೊದಲಿನಿಂದ ಪರಿಚಯ ಮಾಡಿಸಬೇಕು. ಹೊಸ ಕೀಲಿ ಎರಡೂ ಪುಸ್ತಕಗಳಲ್ಲಿ ಬರೆಯಲ್ಪಡುತ್ತದೆ.

ಇದರ ಉಲ್ಟಾ ಪ್ರಸಂಗವೂ ಉಂಟು. ಫೋನಿಗೇ ರೀಸೆಟ್ ಮಾಡಿದಾಗ ಫೋನು ಮರೆತಿರುತ್ತದೆ, ಹೆಡ್‌ಫೋನು ನೆನಪಿಟ್ಟಿರುತ್ತದೆ. ಹೆಡ್‌ಫೋನು ಆನ್ ಆದಾಗಲೆಲ್ಲ ಹಳೆಯ ಫೋನನ್ನು ಕರೆಯುತ್ತದೆ, ಉತ್ತರವಿಲ್ಲ. ಆಗಲೂ ಪೇರಿಂಗ್ ಮೋಡಿಗೆ ಕಳಿಸಿ ಹೊಸ ಪರಿಚಯ ಮಾಡಿಸುವುದೇ ದಾರಿ. ಅದಕ್ಕೂ ಜಗ್ಗದಿದ್ದರೆ ಮಾತ್ರ ಹೆಡ್‌ಫೋನಿಗೆ ಫ್ಯಾಕ್ಟರಿ ರೀಸೆಟ್. ಅದನ್ನು ಕೊನೆಯ ಉಪಾಯವೆಂದೇ ಇಟ್ಟುಕೊಳ್ಳಿ. ಏಕೆಂದರೆ ಒಬ್ಬರ ತೊಂದರೆ ಬಗೆಹರಿಸಲು ಹೋಗಿ ಮನೆಯ ಉಳಿದವರೆಲ್ಲರ ಪರಿಚಯವನ್ನೂ ಅದು ಅಳಿಸುತ್ತದೆ.

ಉಳಿದ ಕೆಲವು ತೊಡಕುಗಳು

ಚಾರ್ಜು ತೀರ ಕಡಿಮೆಯಿದ್ದರೆ ಹೆಡ್‌ಫೋನು ಆನ್ ಆದಂತೆ ತೋರಿದರೂ ಪರಿಚಯದ ನಡುವೆಯೇ ಆರಿಹೋಗಬಹುದು. ಹೊಸದಾಗಿ ತಂದದ್ದನ್ನೂ ಮೊದಲು ಅರ್ಧ ಗಂಟೆಯಾದರೂ ಚಾರ್ಜಿಗೆ ಹಾಕಿ. ಕೆಲವು ಹೆಡ್‌ಫೋನುಗಳು ಚಾರ್ಜಾಗುತ್ತಿರುವಾಗ ಬ್ಲೂಟೂತ್ ನಡೆಸುವುದಿಲ್ಲ. ಆದ್ದರಿಂದ ತಂತಿ ತೆಗೆದ ಮೇಲೆ ಪ್ರಯತ್ನಿಸಿ.

ಹೆಸರಿನ ಗೊಂದಲ ಇನ್ನೊಂದು. ಹಾಸ್ಟೆಲಿನಲ್ಲಿ ಒಂದೇ ಕಂಪನಿಯ ಒಂದೇ ಮಾದರಿಯ ಹೆಡ್‌ಫೋನು ಮೂವರ ಬಳಿ ಇರಬಹುದು. ಪಟ್ಟಿಯಲ್ಲಿ ಮೂರೂ ಒಂದೇ ಹೆಸರಿನಿಂದ ಬರುತ್ತವೆ. ನಿಮ್ಮದನ್ನು ಆಫ್ ಮಾಡಿ ಮತ್ತೊಮ್ಮೆ ಹುಡುಕಿಸಿ ನೋಡಿ, ಇಲ್ಲದ ಹೆಸರೇ ನಿಮ್ಮದು. ಒಮ್ಮೆ ಪರಿಚಯವಾದ ಮೇಲೆ ಫೋನಿನಲ್ಲಿ ಅದಕ್ಕೆ ಬೇರೆ ಹೆಸರು ಕೊಟ್ಟರೆ ಮುಂದೆ ತಪ್ಪಾಗದು. ಒಂದೇ ಹೆಡ್‌ಫೋನು ಎರಡು ಹೆಸರಿನಿಂದ ಕಾಣುವುದೂ ಉಂಟು, ಒಂದಕ್ಕೆ ಮುಂದೆ LE ಎಂಬ ಅಕ್ಷರಗಳಿರುತ್ತವೆ. ಅದು ಹೆಚ್ಚಾಗಿ ಕಂಪನಿಯ ಆ್ಯಪಿಗಾಗಿ ಇರುವ ಬಾಗಿಲು. ಪಾಠದ ಸದ್ದು ಬರಬೇಕಾದರೆ LE ಇಲ್ಲದ ಹೆಸರನ್ನು ಮುಟ್ಟಿ.

ಕಿವಿಯೊಳಗಿನ ಜೋಡಿಗಳಲ್ಲಿ ಎಡಕ್ಕೂ ಬಲಕ್ಕೂ ನಡುವೆಯೇ ಒಂದು ಪರಿಚಯ ಇರುತ್ತದೆ. ಅದು ತಪ್ಪಿದರೆ ಒಂದು ಕಿವಿಯಲ್ಲಿ ಮಾತ್ರ ಸದ್ದು. ಎರಡನ್ನೂ ಡಬ್ಬಿಯಲ್ಲಿಟ್ಟು ಮುಚ್ಚಿ, ತುಸು ಹೊತ್ತು ಬಿಟ್ಟು, ಒಟ್ಟಿಗೆ ಹೊರತೆಗೆದರೆ ಬಹಳ ಸಲ ಸರಿಯಾಗುತ್ತದೆ. ಡಬ್ಬಿಯೊಳಗಿನ ಪುಟ್ಟ ಲೋಹದ ಮೊನೆಗಳಿಗೆ ಧೂಳು ಕುಳಿತು ಒಂದು ಕಡೆಯದು ಚಾರ್ಜೇ ಆಗದಿರುವುದೂ ಉಂಟು. ಒಣ ಬಟ್ಟೆಯಿಂದ ಒರೆಸಿ ನೋಡಿ.

ಇನ್ನು Connected ಎಂದಿದೆ, ಸದ್ದಿಲ್ಲ ಎಂಬ ದೂರು. ಇದು ಪೇರಿಂಗ್ ತೊಂದರೆಯಲ್ಲ. ಪರಿಚಯವೂ ಆಗಿದೆ, ಭೇಟಿಯೂ ಆಗಿದೆ, ಮಾತಿನ ವಿಷಯ ಮಾತ್ರ ತಪ್ಪಿದೆ. ಬ್ಲೂಟೂತಿನಲ್ಲಿ ಹಾಡು, ಪಾಠಗಳ ಸದ್ದಿಗೆ ಒಂದು ದಾರಿ, ಫೋನ್ ಕರೆಗೆ ಇನ್ನೊಂದು ದಾರಿ. ಆಂಡ್ರಾಯ್ಡಿನಲ್ಲಿ ಹೆಡ್‌ಫೋನಿನ ಹೆಸರಿನ ಪಕ್ಕದ ಚಕ್ರ ಮುಟ್ಟಿದರೆ Media audio, Phone calls ಎಂಬ ಎರಡು ಸ್ವಿಚ್ಚುಗಳು ಕಾಣುತ್ತವೆ. ಮೊದಲನೆಯದು ಆಫ್ ಆಗಿದ್ದರೆ ಕರೆ ಕೇಳುತ್ತದೆ, ಪಾಠ ಕೇಳುವುದಿಲ್ಲ.

ಹೆತ್ತವರಿಗೆ ಎರಡು ಮಾತು

ಮೊದಲನೆಯದು, ಯಾರೂ ಕೇಳದೆ ಪರದೆಯ ಮೇಲೆ ತಾನಾಗಿ ಪೇರಿಂಗ್ ಕೋರಿಕೆ ಬಂದರೆ ಒಪ್ಪಬಾರದೆಂದು ಮಕ್ಕಳಿಗೆ ಹೇಳಿ. ಹೆಡ್‌ಫೋನಿಗೆ ಪರದೆಯಿಲ್ಲ, ಸಂಖ್ಯೆ ತೋರಿಸಿ "ಇದು ನಾನೇ" ಎಂದು ಸಾಬೀತು ಮಾಡಲು ಅದಕ್ಕೆ ಆಗದು. ಕದ್ದು ಕೇಳುವವನಿಗೆ ಕೀಲಿ ಸಿಗದು, ನಿಜ. ಆದರೆ ಪರಿಚಯದ ಕ್ಷಣದಲ್ಲಿ ಮಧ್ಯೆ ಬಂದು ವೇಷ ಹಾಕಿ ನಿಲ್ಲುವವನನ್ನು ಈ ಸರಳ ಪೇರಿಂಗ್ ತಡೆಯಲಾರದು. ಅಂಥದ್ದು ಅಪರೂಪ. ಆದರೂ ಮೊದಲ ಪರಿಚಯವನ್ನು ಬಸ್‌ನಿಲ್ದಾಣಕ್ಕಿಂತ ಮನೆಯಲ್ಲಿ ಮಾಡಿಸುವುದು ಲೇಸು. ಗದ್ದಲವೂ ಕಡಿಮೆ, ಪಟ್ಟಿಯಲ್ಲಿ ಅಪರಿಚಿತ ಹೆಸರುಗಳೂ ಕಡಿಮೆ.

ಎರಡನೆಯದು, ಹೆಡ್‌ಫೋನನ್ನು ಯಾರಿಗಾದರೂ ಕೊಡುವಾಗ ಅಥವಾ ಮಾರುವಾಗ ಎರಡೂ ಪುಸ್ತಕಗಳನ್ನು ಅಳಿಸಿ. ನಿಮ್ಮ ಫೋನಿನಲ್ಲಿ Forget ಮಾಡಿ, ಹೆಡ್‌ಫೋನಿಗೆ ಫ್ಯಾಕ್ಟರಿ ರೀಸೆಟ್ ಮಾಡಿ. ಆ ಉಪಾಯಕ್ಕೆ ನಿಜವಾದ ಜಾಗ ಇದೇ. ಇಲ್ಲದಿದ್ದರೆ ಪಡೆದುಕೊಂಡವರು ನೆರೆಮನೆಯವರಾದರೆ, ಅವರು ಹೆಡ್‌ಫೋನು ಆನ್ ಮಾಡಿದಾಗಲೆಲ್ಲ ಅದು ನಿಮ್ಮ ಫೋನನ್ನು ಕರೆದೀತು.

ನಾಳೆ ಎಂಟೂ ಐವತ್ತೈದಕ್ಕೆ ಗಲಾಟೆ ಶುರುವಾದರೆ ಹೀಗೆ ಕೇಳಿಕೊಳ್ಳಿ. ಚಾರ್ಜು ಇದೆಯೇ? ಬೇರೆ ಯಾವುದರ ಜೊತೆಗಾದರೂ ಸೇರಿಕೊಂಡಿದೆಯೇ? ಫೋನಿನ ಪಟ್ಟಿಯಲ್ಲಿ ಹೆಸರು ಇದೆಯೇ, ಇಲ್ಲವೇ? ಹೆಸರು ಇಲ್ಲದಿದ್ದರೆ ಹೆಡ್‌ಫೋನು ಕೈ ಎತ್ತಿಲ್ಲ, ಗುಂಡಿಯನ್ನು ಇನ್ನಷ್ಟು ಹೊತ್ತು ಹಿಡಿಯಿರಿ. ಹೆಸರಿದ್ದೂ ಸೇರದಿದ್ದರೆ ಒಂದು ಕಡೆಯ ನೆನಪು ಅಳಿಸಿದೆ, ಇನ್ನೊಂದು ಕಡೆಯದನ್ನೂ ಅಳಿಸಿ ಮತ್ತೆ ಪರಿಚಯ ಮಾಡಿಸಿ. ಇಷ್ಟನ್ನೂ ಮಾಡಿ, ಮನೆಯ ಇನ್ನೊಂದು ಫೋನಿಗೂ ಸೇರಿಸಲು ನೋಡಿ, ಅದಕ್ಕೂ ಸೇರದಿದ್ದರೆ ಮಾತ್ರ ರಸೀದಿ ಹುಡುಕಿಕೊಂಡು ಅಂಗಡಿಗೆ ಹೊರಡಿ.